ಅಜ್ಜಿಯ ಬೆರಳು ಸುಮ್ಮನಾದ ದಿನ

ಮೊನ್ನೆ ಕುಂದಾಪುರದಲ್ಲಿ ಮೂಳೆ ಡಾಕ್ಟರ ಬಾಗಿಲ ಹೊರಗೆ ಸರದಿ ಕಾಯುತ್ತ ಕೂತಿದ್ದಾಗ, ಪಕ್ಕದಲ್ಲಿ ‘ಲಟ್’ ಎಂದಿತು. ನನ್ನ ತಂಗಿ ಗಿರಿಜೆ ನೆಟಿಗೆ ಮುರಿಯುತ್ತಿದ್ದಳು. ಒಂದು, ಎರಡು, ಮೂರು. ಆ ಸದ್ದಿಗೆ ಕ್ಲಿನಿಕ್ಕಿನ ಫ್ಯಾನು, ಕುರ್ಚಿಗಳೆಲ್ಲ ಮಾಯವಾಗಿ ಕೊಕ್ಕರ್ಣೆಯ ನಮ್ಮ ಚಾವಡಿ ಎದುರಿಗೆ ನಿಂತಿತು. ಕೆಂಪು ಸಾರಣೆಯ ತಣ್ಣನೆ ನೆಲ, ಹೊಸ ಬತ್ತದ ವಾಸನೆ, ಕುಚ್ಚಲಕ್ಕಿ ಗಂಜಿಯ ಹಬೆ, ಅದರ ನಡುವೆ ಅಜ್ಜಿಯ ಬೆರಳುಗಳು. ಈಗ ಆ ಮನೆ ಇಲ್ಲ, ಅಲ್ಲಿ ಇದ್ದವರಲ್ಲಿ ನಾವಿಬ್ಬರು ಮಾತ್ರ ಉಳಿದಿದ್ದೇವೆ. ನಿಮ್ಮ ನೆನಪಿನಲ್ಲೂ ಇಂಥದೊಂದು ಸದ್ದು ಇದ್ದೀತು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದು ಸುಮ್ಮನೆ ಕೂರಲಾರದವರ ಮನೆ. ನಮ್ಮಲ್ಲಿ ಮನೆ ತಾಯಿಯ ಕಡೆಯದು; ಯಜಮಾನಿಕೆ ಅಜ್ಜಿಯ ಅಣ್ಣನದು. ಅವರನ್ನು ನಾವು ದೊಡ್ಡಜ್ಜ ಎನ್ನುತ್ತಿದ್ದೆವು. ಚಾವಡಿಯ ಮಂಚದ ತುದಿಯಲ್ಲಿ ಕೂತು, ಬೆರಳ ತುದಿ ನೆಲಕ್ಕೂರಿ, ಹಿಮ್ಮಡಿ ಎತ್ತಿ ಅವರು ಕಾಲು ಆಡಿಸಲು ಶುರು ಮಾಡಿದರೆ ಮಂಚದ ಕೆಳಗಿನ ಹಿತ್ತಾಳೆ ಪೀಕದಾನಿ ಗಿಣಿಗಿಣಿ ಎನ್ನುತ್ತಿತ್ತು. ಅದು ನಡೆಯುತ್ತಿದೆ ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. ಯಾರಾದರೂ ಹೇಳಿದರೆ ನಿಲ್ಲಿಸಿ, ಎರಡು ಮಾತು ಆಡುವಷ್ಟರಲ್ಲಿ ಮತ್ತೊಂದು ಕಾಲು ಶುರು. ಅಬ್ಬಿ, ಎಂದರೆ ನಮ್ಮಮ್ಮ, ಕಾಲು ಆಡಿಸಿದರೆ ಮನೆಗೆ ದರಿದ್ರ ಎಂದು ಒಳಗೊಳಗೇ ಗೊಣಗುತ್ತಿದ್ದಳು. ಅಜ್ಜಿ ಮಾತ್ರ ಆ ಕಾಲನ್ನು ಪಂಚಾಂಗದ ಹಾಗೆ ಓದುತ್ತಿದ್ದರು. “ಮನ್ಸ್ ಎದ್ದ್ ಹೊರ್ಟಿತ್, ಹೋಪುಕೆ ಜಾಗ ಇಲ್ಲೆ. ಅದ್ಕೇ ಕಾಲ್ ಕೂತಲ್ಲೇ ನಡೀತ್,” ಎನ್ನುತ್ತಿದ್ದರು. ಕಾಲು ಆಡುತ್ತಿದ್ದರೆ ದೊಡ್ಡಜ್ಜ ಇನ್ನೂ ಯೋಚಿಸುತ್ತಿದ್ದಾರೆ, ನಿಂತರೆ ತೀರ್ಮಾನ ಆಯಿತು. ಅದು ತಪ್ಪಿದ್ದನ್ನು ನಾನು ಕಾಣಲಿಲ್ಲ.

ನನ್ನದು ಉಗುರು. ಲೆಕ್ಕ ಬಿಡಿಸುವಾಗ, ಮುಂಬಯಿಯ ಹೋಟೆಲಿನಲ್ಲಿದ್ದ ಅಪ್ಪಯ್ಯನ ಕಾಗದಕ್ಕೆ ಕಾಯುವಾಗ, ಏನೂ ಕೆಲಸವಿಲ್ಲದೆ ಬೇಜಾರಾದಾಗ, ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಮೊದಲು ಒಂದು ತರಿ ನಾಲಿಗೆಗೆ ತಾಗುವುದು. ಅದನ್ನು ಸಪಾಟು ಮಾಡಲು ಕಚ್ಚಿದರೆ ಪಕ್ಕದಲ್ಲಿ ಇನ್ನೊಂದು ತರಿ ಏಳುವುದು. ಹೀಗೆ ರಕ್ತ ಬರುವ ತನಕ. ಅಬ್ಬಿ ಹಾಗಲಕಾಯಿ ರಸ ಹಚ್ಚಿದಳು. ನಾನು ಕಹಿಯನ್ನೂ ಚಪ್ಪರಿಸಿದೆ. ಕಚ್ಚುತ್ತಿದ್ದೇನೆ ಎಂದು ಗೊತ್ತಾಗುವುದೇ ಕಚ್ಚಿ ಆದ ಮೇಲೆ. ಅಜ್ಜಿ ಬೈಯಲಿಲ್ಲ, ಒದ್ದೆ ಬಾಳೆನಾರು ಕೊಟ್ಟರು. “ಬಾಯಿಗ್ ಹೋಪ್ದ್ ಕಂಡ್ ಕೂಡ್ಲೇ ಇದನ್ ಹೊಸಿ. ಕೈಗ್ ಎಂತಾರೂ ಬೇಕ್ ಹೆಣೆ,” ಎಂದರು. ಹುಡುಗಿಯರನ್ನು ಅವರು ಕರೆಯುತ್ತಿದ್ದದ್ದೇ ‘ಹೆಣೆ’ ಎಂದು. ನಾರು ಹೊಸೆಯುವಷ್ಟು ಹೊತ್ತು ಉಗುರು ಬದುಕಿಕೊಳ್ಳುತ್ತಿತ್ತು.

ಅಜ್ಜಿಯದು ನೆಟಿಗೆ. ಏನಾದರೂ ಚಿಂತೆ ಹತ್ತಿತೆಂದರೆ ಬೆರಳನ್ನು ಅಂಗೈಗೆ ಮಡಿಸಿ ಒತ್ತುವರು, ಲಟ್. ಹತ್ತೂ ಮುಗಿದ ಮೇಲೆ ಮುಖ ಸ್ವಲ್ಪ ಸಡಿಲವಾಗುತ್ತಿತ್ತು. “ಇನ್ನೊಂದ್ ಸರ್ತಿ ಮಾಡಿ,” ಎಂದು ನಾನು ಕಾಡಿದರೆ, “ಈಗ ಬತ್ತಿಲ್ಲೆ. ಎಸ್ರ್ ಕುದೀಲಿ, ಮತ್ತೆ ಕಾಂಬ,” ಎಂದು ಒಲೆಯ ಮೇಲಿನ ಗಂಜಿ ನೀರಿನತ್ತ ಕೈ ತೋರುತ್ತಿದ್ದರು. ನಿಜಕ್ಕೂ ಎಸರು ಕುದಿಯುವ ಹೊತ್ತಿಗೆ ಬೆರಳುಗಳು ಮತ್ತೆ ಸದ್ದು ಮಾಡಲು ತಯಾರು. ಊರಿನಲ್ಲಿ ಆ ಬೆರಳಿಗೆ ಹೆಸರಿತ್ತು. ಮಕ್ಕಳಿಗೆ ಕಣ್ಣು ತಾಗಿದರೆ ಅಜ್ಜಿ ಉಪ್ಪು ಮೆಣಸು ಮುಖದ ಸುತ್ತ ಸುಳಿದು, ಮಗುವಿನ ಕೆನ್ನೆ ಸವರಿದ ಕೈಗಳನ್ನು ತಮ್ಮ ಹಣೆಯ ಪಕ್ಕದ ಕಣತಲೆಗೆ ಒತ್ತಿ ನೆಟಿಗೆ ತೆಗೆಯುತ್ತಿದ್ದರು. ಬೆರಳು ಲಟಲಟ ಎಂದರೆ ದೃಷ್ಟಿ ಬಿದ್ದದ್ದು ನಿಜ, ಅದು ಬಿಟ್ಟುಹೋಯಿತು. ಸದ್ದಿಲ್ಲದಿದ್ದರೆ ಅದು ದೃಷ್ಟಿಯಲ್ಲ, ಬೇರೆ ಏನೋ. ಅಜ್ಜಿಯ ಬೆರಳು ಸದ್ದು ಮಾಡದ ದಿನವೇ ಇರಲಿಲ್ಲ.

ನನಗೆ ಒಂಬತ್ತು, ಗಿರಿಜೆಗೆ ನಾಲ್ಕು ವರ್ಷ ಇದ್ದಾಗ ಅವಳಿಗೆ ಜ್ವರ ಬಂತು. ಮೂರನೇ ದಿನ ಬೆಳಿಗ್ಗೆ ಕುತ್ತಿಗೆ ಊದಿ, ಉಸಿರು ಎಳೆದರೆ ಗರಗಸದ ಸದ್ದು. ಅಜ್ಜಿ ದೀಪ ಹಿಡಿದು ಬಾಯಿ ತೆರೆಸಿ ನೋಡಿದರು. ಗಂಟಲಲ್ಲಿ ಬೂದುಬಿಳಿ ಪೊರೆ. “ಡಾಕ್ಟ್ರತ್ರ ಹೋಯ್ಕ್ ಅಣ್ಣ,” ಎಂದರು. ದೊಡ್ಡಜ್ಜನ ಕಾಲು ಆಡುತ್ತಲೇ ಇತ್ತು. ಅವರ ಕಿರಿಯ ತಂಗಿಯೊಬ್ಬಳನ್ನು ಹಿಂದೆ ಆಸ್ಪತ್ರೆಗೆ ಒಯ್ದವರು ಬರಿಗೈಯಲ್ಲಿ ಬಂದಿದ್ದರು. ಆಮೇಲೆ ಆಸ್ಪತ್ರೆ ಎಂಬ ಮಾತೇ ಅವರಿಗೆ ಆಗದು. ಕಲ್ಲೆದೆಯವರಲ್ಲ, ಹೆದರಿದವರು. ಅವರ ಮಾತು ಮೀರಿ ಮಗುವನ್ನು ಹೊಸ್ತಿಲು ದಾಟಿಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬ್ರಹ್ಮಾವರದ ಬಸ್ಸು ಹತ್ತೂವರೆಗೆ, ಅದು ತಪ್ಪಿದರೆ ಸಂಜೆಗೇ. ಪೀಕದಾನಿ ಗಿಣಿಗಿಣಿ ಎನ್ನುತ್ತಿತ್ತು. ನಾನು ಹೆಬ್ಬೆರಳಿನ ಉಗುರು ಮುಗಿಸಿ ಕಿರುಬೆರಳಿಗೆ ಬಂದಿದ್ದೆ. ಕಾಲು ನಿಂತಿತು.

“ದೃಷ್ಟಿಯೇ ಅದ್. ನೆಟ್ಗಿ ತೆಗಿ. ಸದ್ದ್ ಬರ್ದಿರೆ ಬ್ರಹ್ಮಾವರ್ಕೆ ಕರ್ಕಂಡ್ ಹೋಪ,” ಎಂದರು ದೊಡ್ಡಜ್ಜ.

ಅಜ್ಜಿ ಮೆಣಸು ತರುತ್ತೇನೆಂದು ಒಳಗೆ ಹೋದರು. ಎಷ್ಟು ಹೊತ್ತಾದರೂ ಬಾರದ್ದಕ್ಕೆ ನಾನು ಹಿಂದಿನಿಂದ ಹೋಗಿ ನೋಡಿದೆ. ಹಿತ್ತಿಲ ಒರಳುಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಬೆರಳನ್ನು ಮಡಿಸಿ ಕಲ್ಲಿಗೆ ಒತ್ತುತ್ತಿದ್ದರು. ಲಟ್, ಲಟ್. ಎರಡೂ ಕೈಯ ಹತ್ತೂ ಬೆರಳು, ಒಂದನ್ನೂ ಬಿಡದೆ. ಪಾಪ, ಎಷ್ಟು ಚಿಂತೆ ಅಜ್ಜಿಗೆ ಎಂದುಕೊಂಡೆ. ನನ್ನನ್ನು ಕಂಡು, “ಬಾಯಿಂದ ಕೈ ತೆಗಿ,” ಎಂದಷ್ಟೇ ಹೇಳಿ ಎದ್ದರು.

ಚಾವಡಿಯಲ್ಲಿ ಉಪ್ಪು ಮೆಣಸು ಸುಳಿದು, ಗಿರಿಜೆಯ ಕೆನ್ನೆ ಸವರಿ, ಬೆರಳುಗಳನ್ನು ಕಣತಲೆಗೆ ಒತ್ತಿದರು. ಸದ್ದಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ. ಮಗುವಿನ ಗಂಟಲ ಗರಗಸ ಬಿಟ್ಟರೆ ಮನೆಯಲ್ಲಿ ಬೇರೆ ಸದ್ದೇ ಇಲ್ಲ. “ದೃಷ್ಟಿ ಅಲ್ಲ ಅಣ್ಣ,” ಎಂದರು ಅಜ್ಜಿ, ಅವರ ಮುಖ ನೋಡದೆ. ದೊಡ್ಡಜ್ಜ ತಂಗಿಯ ಬೆರಳುಗಳನ್ನೇ ದಿಟ್ಟಿಸಿದರು. ಆಮೇಲೆ ತಾವೇ ಎದ್ದು ಗಿರಿಜೆಯನ್ನು ಹೆಗಲಿಗೆ ಹಾಕಿಕೊಂಡು ಗದ್ದೆಯ ಅಂಚಿನಲ್ಲಿ ಓಡಿದರು. ಬಸ್ಸು ಸಿಕ್ಕಿತು. ಬ್ರಹ್ಮಾವರದ ಡಾಕ್ಟರು ಗಂಟಲಮಾರಿ ಎಂದು ಕೂಡಲೇ ಕಾರಿನಲ್ಲಿ ಉಡುಪಿಗೆ ಕಳಿಸಿದರು. ಸಂಜೆಯ ತನಕ ತಡೆದಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದು ಅಲ್ಲಿಯವರು ಹೇಳಿದರಂತೆ.

ಅಂದಿನಿಂದ ಅಜ್ಜಿ ನೆಟಿಗೆ ಮುರಿಯುವುದನ್ನೇ ಬಿಟ್ಟರು. ಮಕ್ಕಳನ್ನು ಎತ್ತಿಕೊಂಡು ಬಂದವರಿಗೆ, “ನನ್ ಕೈಯಂಗ್ ಈಗ ಎಂತದೂ ಇಲ್ಲೆ, ಡಾಕ್ಟ್ರಿಗ್ ತೋರ್ಸಿ,” ಎನ್ನುತ್ತಿದ್ದರು. ಚಿಂತೆಯಾದಾಗ ಬೆರಳನ್ನು ಮಡಿಸುವ ತನಕ ಬಂದು, ತಡೆದು, ಸೆರಗಿನ ಅಂಚನ್ನು ಹೊಸೆಯುತ್ತ ಕೂರುತ್ತಿದ್ದರು, ನಾನು ಬಾಳೆನಾರು ಹೊಸೆದ ಹಾಗೆ. ಬೆರಳಿನ ಶಕ್ತಿ ಹೋಯಿತು ಎಂದು ಊರವರು ನಂಬಿದರು. ನಾನೂ ನಂಬಿದೆ, ದಡ್ಡಿ.

ಮೊನ್ನೆ ಡಾಕ್ಟರು ಗಿರಿಜೆಯ ಕೈ ನೋಡಿ ನಕ್ಕರು. ಗಂಟಿನೊಳಗೆ ಎಣ್ಣೆಯಂಥ ದ್ರವ ಇರುತ್ತದಂತೆ, ಅದರಲ್ಲಿ ಗಾಳಿ ಕರಗಿರುತ್ತದಂತೆ. ಬೆರಳನ್ನು ಎಳೆದಾಗಲೋ ಮಡಿಸಿ ಒತ್ತಿದಾಗಲೋ ಮೂಳೆಗಳು ಫಕ್ಕನೆ ದೂರವಾಗಿ, ಒಳಗಿನ ಒತ್ತಡ ಇಳಿದು ಗುಳ್ಳೆ ಹುಟ್ಟುತ್ತದೆ. ಸದ್ದು ಆ ಗುಳ್ಳೆಯದು, ಮೂಳೆಯದಲ್ಲ. “ಗಂಟು ಸವೆಯುವುದಿಲ್ಲ, ಹೆದರಬೇಡಿ. ಆದರೆ ಒಮ್ಮೆ ಮುರಿದ ಮೇಲೆ ಗಾಳಿ ಮತ್ತೆ ಕರಗಬೇಕು. ಇಪ್ಪತ್ತು ನಿಮಿಷ ಅದೇ ಗಂಟು ಏನು ಮಾಡಿದರೂ ಸದ್ದು ಮಾಡದು,” ಎಂದರು. ನನ್ನ ಉಗುರು ಬಾಯಲ್ಲೇ ಇತ್ತು. ಇಪ್ಪತ್ತು ನಿಮಿಷ ಎಂದರೆ ಒಂದು ಎಸರು ಕುದಿಯುವ ಹೊತ್ತು. ಹಿತ್ತಿಲ ಒರಳುಕಲ್ಲಿನಿಂದ ಚಾವಡಿಗೆ ಬರಲು ಅಷ್ಟು ಹೊತ್ತು ಬೇಕಿರಲಿಲ್ಲ.

ಅಜ್ಜಿಯ ಕೊನೆಯ ತಿಂಗಳು ನೆನಪಾಯಿತು. ದೊಡ್ಡಜ್ಜ ಸತ್ತು ಆಗಲೇ ಐದಾರು ವರ್ಷ ಕಳೆದಿತ್ತು. ಕಾಲೇಜಿನಿಂದ ಗಿರಿಜೆ ಬರುವುದನ್ನು ಕಾಯುತ್ತ ಅಜ್ಜಿ ಮಲಗಿದ್ದರು. ನಾನು ಕೊಬ್ಬರಿ ಎಣ್ಣೆ ಹಚ್ಚಿ ಅವರ ಕೈ ತಿಕ್ಕುತ್ತಿದ್ದೆ. ಒಂದು ಬೆರಳು ತಾನಾಗಿ ‘ಲಟ್’ ಎಂದಿತು. ಅಜ್ಜಿ ಬೆಚ್ಚಿ ಕೈ ಎಳೆದುಕೊಂಡು, ಸೆರಗಿನೊಳಗೆ ಅಡಗಿಸಿ, ಖಾಲಿ ಚಾವಡಿಯತ್ತ ತಿರುಗಿ, “ಹೆಣೆ, ಅಣ್ಣಂಗೆ ಗೊತ್ತಾಯ್ತಾ?” ಎಂದರು.