ತಿಳಿಸಾರಿನ ಬಟ್ಟಲು

ಶ್ರೀನಿವಾಸಪುರದ ಸರ್ಕಾರಿ ಬಂಗಲೆಯಲ್ಲಿ ನನ್ನ ಗಂಡ ಅಡುಗೆಯವರಾಗಿದ್ದರು. ಬಂಗಲೆಯ ಹಿಂದಿನ ಎರಡು ಕೋಣೆಯ ಮನೆ ಆ ಕೆಲಸದ ಜೊತೆಗೇ ಬಂದದ್ದು, ಹೋದರೆ ಜೊತೆಗೇ ಹೋಗುವಂಥದ್ದು. ಆ ವರ್ಷ ನನಗೆ ಹಗಲೂ ರಾತ್ರಿ ಅದೇ ಯೋಚನೆ.

ಹಿಂದಿನ ಸಲ ದೊಡ್ಡ ಸಾಹೇಬರು ಬಂದಾಗ ಸೂಪು ಕೆಟ್ಟಿತ್ತು. ಸೂಪನ್ನು ತಿಳಿ ಮಾಡಲು ಹಾಕಿದ ಮೊಟ್ಟೆಯ ಬಿಳಿ ಮೇಲೆ ಕೆನೆಗಟ್ಟಿತ್ತು. ಅದು ಕೊತಕೊತ ಕುದಿದು ಒಡೆದು ಚೂರಾದರೂ ಇವರು ಪಾತ್ರೆಯ ಮುಂದೆಯೇ ನಿಂತು ನೋಡುತ್ತಿದ್ದರು. ಒಲೆಯ ಕೊಳ್ಳಿ ಯಾಕೆ ಹಿಂದಕ್ಕೆ ಎಳೆಯಲಿಲ್ಲ ಎಂದು ನಾನು ಚೆನ್ನಾಗಿ ಬೈದೆ. ಸಾಹೇಬರು ಬಟ್ಟಲನ್ನು ಹಾಗೇ ಹಿಂದಕ್ಕೆ ಕಳಿಸಿದರು. ಇನ್ನೊಂದು ಸಲ ಹೀಗಾದರೆ ಕೋಲಾರದಿಂದ ಬೇರೆಯವನು ಬರುತ್ತಾನಂತೆ ಎಂದು ಬಂಗಲೆ ನೋಡಿಕೊಳ್ಳುವ ಮೇಟಿ ನಮ್ಮ ಹೊಸ್ತಿಲಲ್ಲಿ ನಿಂತು ಹೇಳಿಹೋದ.

ಈಗ ಮತ್ತೆ ಅದೇ ಸಾಹೇಬರು ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು. ಯುದ್ಧದ ಕಾಲ, ಮೊಟ್ಟೆಯೆಲ್ಲ ಮಿಲಿಟರಿ ಕ್ಯಾಂಪಿಗೆ ಹೋಗುತ್ತಿತ್ತು. ಹಳ್ಳಿಹಳ್ಳಿ ಅಲೆದು ಒಂದು ಸಣ್ಣ ಕುಕ್ಕೆಯಷ್ಟು ತಂದಿದ್ದೆ.

ಬೆಳಿಗ್ಗೆ ಇವರು ಮೂಳೆಯ ರಸದ ಮೇಲೆ ಗಟ್ಟಿಯಾಗಿದ್ದ ಜಿಡ್ಡನ್ನು ತೆಗೆದರು. ಮೊಟ್ಟೆಯ ಬಿಳಿ ಲೋಳೆಯನ್ನು ನೊರೆ ಬರುವಂತೆ ಕಡೆದು, ಪುಡಿ ಮಾಡಿದ ಚಿಪ್ಪನ್ನೂ ಒಂದಿಷ್ಟು ಕೊಚ್ಚಿದ ಮಾಂಸದ ಕೈಮವನ್ನೂ ಸೇರಿಸಿ ತಣ್ಣಗಿನ ರಸಕ್ಕೆ ಬೆರೆಸಿದರು. ಬಿಸಿ ರಸಕ್ಕೆ ಹಾಕಿದರೆ ಲೋಳೆ ಅಲ್ಲೇ ಗಂಟುಕಟ್ಟುತ್ತದೆ. ಸಣ್ಣ ಉರಿಯಲ್ಲಿ ತಿರುಗಿಸುತ್ತಾ ಬಂದು, ಲೋಳೆ ಹಿಡಿಯತೊಡಗಿದ ಕೂಡಲೇ ಸೌಟು ತೆಗೆದುಬಿಟ್ಟರು. ಕೊಳೆಯನ್ನೆಲ್ಲ ಹಿಡಿದುಕೊಂಡು ಕೆನೆ ಮೇಲೆ ಬಂತು. ಇವರು ಕಿವಿ ಬಗ್ಗಿಸಿ ಅದರ ಸದ್ದು ಕೇಳುತ್ತಿದ್ದರು. ಅಷ್ಟು ವರ್ಷದಲ್ಲಿ ಇವರು ಸೂಪಿಗೆ ಕಿವಿ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ.

ಕೆನೆಯಲ್ಲಿ ಸಣ್ಣ ತೂತು ಮಾಡಿ, ಒದ್ದೆ ಬಟ್ಟೆಯ ಮೇಲೆ ಸೌಟು ಸೌಟಾಗಿ ಸೋಸಿದರು. ತಳದಲ್ಲಿ ನೀಲಿ ಹೂವಿದ್ದ ಪಿಂಗಾಣಿ ಬಟ್ಟಲು ನಮ್ಮ ಪರೀಕ್ಷೆ. ಸೂಪು ತುಂಬಿದರೂ ಹೂವಿನ ಎಸಳು ಕಾಣಬೇಕು. ನನಗೆ ಎಸಳೆಸಳೂ ಕಂಡಿತು.

"ಇನ್ನೂ ಮಬ್ಬೈತೆ" ಎಂದರು.

"ಎಲ್ಲಿ ಮಬ್ಬು? ಚೆನ್ನಾಗೈತೆ ಕಣ್ರೀ."

"ನಿಂಗೇನ್ ಗೊತ್ತು, ಸುಮ್ನಿರೇ."

ಸೂಪನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ಆರಿಸಿ, ಮತ್ತೆ ಮೊಟ್ಟೆ ಒಡೆದರು. ಎರಡನೆಯ ಸಲ ಸೋಸಿದ್ದನ್ನು ನಾಲಗೆಗೆ ಹಚ್ಚಿ ನೋಡಿದೆ. ಲೋಳೆ ಮಬ್ಬಿನ ಜೊತೆ ರುಚಿಯನ್ನೂ ಎಳೆದುಕೊಳ್ಳುತ್ತದೆ. ಮೂಳೆಯ ಸಾರ ಅರ್ಧಕ್ಕರ್ಧ ಹೋಗಿತ್ತು. ಹಳದಿಯೆಲ್ಲ ಆಗಲೇ ಪುಡಿಂಗಿಗೆ ಸೇರಿತ್ತು. ಉಳಿದದ್ದು ಒಂದೇ ಮೊಟ್ಟೆ. ಕಟ್ಲೆಟ್ಟಿನ ಕೈಮ, ಆಲೂಗಡ್ಡೆ ಅದಕ್ಕಾಗಿ ಕಾದಿದ್ದವು. ಕಟ್ಲೆಟ್ ಆಗಲಿ ಕೋಫ್ತಾ ಆಗಲಿ, ಇಡೀ ಮೊಟ್ಟೆ ಕಲಸದಿದ್ದರೆ ಎಣ್ಣೆಗೆ ಬಿದ್ದದ್ದೇ ಬಿಚ್ಚಿಕೊಳ್ಳುತ್ತದೆ.

ಬಟ್ಟಲು ತೊಳೆದು ಒರೆಸಿ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಇವರು ಅದನ್ನು ಎರಡು ಕೈಯಲ್ಲಿ ಜೋಪಾನವಾಗಿ ಎತ್ತಿ, ಬೆಳಕಿಗೆ ಹಿಡಿದು, ತುಂಬಾ ಹೊತ್ತು ನೋಡಿದರು.

"ಹೂವೇ ಕಾಣ್ತಿಲ್ಲ. ಆ ಮೊಟ್ಟೆ ಇಲ್ಲಿ ಕೊಡು."

ಬಟ್ಟಲಿನಲ್ಲಿ ಏನೂ ಇರಲಿಲ್ಲ.

ಹತ್ತಿರ ಹೋಗಿ ಮೊದಲ ಸಲ ಇವರ ಕಣ್ಣನ್ನು ಸರಿಯಾಗಿ ನೋಡಿದೆ. ಎರಡರಲ್ಲೂ ಪೊರೆ ಕಟ್ಟಿ ಬೂದಿ ಬಣ್ಣ ಬಂದಿತ್ತು. ನಾನೆಂಥ ಹೆಂಗಸು, ಅಡುಗೆ ಕೆಟ್ಟದ್ದನ್ನು ನೋಡಿದೆ, ಇದನ್ನು ನೋಡಲಿಲ್ಲ. ಇವರ ಕೈಯನ್ನು ಹಿಡಿದು ಬಟ್ಟಲಿನೊಳಗೆ ಇಟ್ಟೆ. ಒಣಗಿದ ತಳವನ್ನು ಬೆರಳು ತಡಕಿತು.

"ಯಾರಿಗೂ ಹೇಳ್ಬೇಡ" ಎಂದರು.

ಆ ಮೊಟ್ಟೆಯನ್ನು ಒಡೆದು ಕೈಮಕ್ಕೆ ನಾನೇ ಕಲಸಿದೆ. ಒಂದನ್ನು ಮೊದಲು ಎಣ್ಣೆಗೆ ಬಿಟ್ಟು ನೋಡಿದೆ, ಅಂಚು ಬಿಡಲಿಲ್ಲ. ಸೂಪಿಗೆ ಉಪ್ಪು ಮೆಣಸು ಹಾಕಿ ಜೀವ ತರಲು ನೋಡಿದೆ. ಮೇಟಿ ತಟ್ಟೆಗಳನ್ನು ಒಳಗೆ ಒಯ್ದ.

ಅವನು ವಾಪಸು ಬಂದಾಗ ಬಟ್ಟಲೂ ತಟ್ಟೆಯೂ ಖಾಲಿ.

"ರುಚಿ ಸ್ವಲ್ಪ ಸಪ್ಪೆ ಅಂದ್ರು. ಆದ್ರೆ ಅಂಥ ತಿಳಿ ಸೂಪು ಎಲ್ಲೂ ಕಂಡಿಲ್ಲವಂತೆ. ಖುಷಿಯಾಗೈತೆ. ನಿಮ್ಮನ್ನ ನೋಡ್ಬೇಕಂತೆ, ಬರ್ರಿ."

ಇವರು ಎದ್ದು ಮುಂಡಾಸು ಸರಿಮಾಡಿಕೊಂಡರು. ಕೈ ಹಿಡಿಯಲು ಹೋದೆ, ಮೇಟಿಯ ಎದುರಿಗೆ ಬಿಡಿಸಿಕೊಂಡರು. ಉರಿಬಿಸಿಲಿನ ಅಂಗಳ ದಾಟಿ, ಮೆಟ್ಟಿಲನ್ನು ಕಾಲಲ್ಲಿ ತಡವಿ, ಜಗಲಿಯ ನೆರಳಿಗೆ ಹೋದರು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ.

ಸಾಹೇಬರು ಬಲಗಡೆ ಒರಗುಕುರ್ಚಿಯಲ್ಲಿ ಕೂತು ನಗುತ್ತಿದ್ದರು. ಎಡಗಡೆ ಗೂಟಕ್ಕೆ ಅವರ ಕೋಟನ್ನೂ ಅದರ ಮೇಲೆ ಟೋಪಿಯನ್ನೂ ತಗುಲಿಹಾಕಿದ್ದರು. ಇವರು ಆ ಕೋಟಿನ ಮುಂದೆ ನಿಂತು, ಸೊಂಟ ಬಗ್ಗಿಸಿ ಸಲಾಂ ಮಾಡಿದರು.

ಸಾಹೇಬರ ನಗು ನಿಂತಿತು. ಇವರು ಕೋಟಿನ ಮುಂದೆ ಕೈಕಟ್ಟಿಕೊಂಡು, ಮಾತಿಗಾಗಿ ಕಾಯುತ್ತಾ ನಿಂತೇ ಇದ್ದರು.