ನಾನು ಮೀಮ್ ಆಗಿ ಹಳಸಿದ್ದು

ಕಮಲಾಪುರಕ್ಕೆ ಹೊರಟ ಬಸ್ಸು ಕಪನೂರ ದಾಟುತ್ತಿದ್ದಂತೆ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದು, ಯಾರಿಗೂ ಕೇಳಿಸಬಾರದೆಂಬಂತೆ ಮೆಲ್ಲಗೆ ಹೇಳಿದಳು: "ಮಮ್ಮಿ, ಒಂದ್ ಮಾತು. ಇವತ್ತು ಯಾವ ಭಗೋಣಿ ಮುಚ್ಚಳಾನೂ ತೆಗೀಬ್ಯಾಡ. ಆ ಮಾತಂತೂ ಅನ್ನಾಕೇ ಹೋಗಬ್ಯಾಡ."

"ಯಾಕ?"

"ಕ್ರಿಂಜ್ ಆಗ್ಯಾದದು. ಎಲ್ಲಾರೂ ಬಂದಿರ್ತಾರ."

ನನ್ನ ತಮ್ಮನ ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಮೊದಲ ಸಲ ನಮ್ಮ ತವರುಮನೆಯ ಅಂಗಳದಲ್ಲಿ ಊಟಕ್ಕೆ ಕೂರುವ ದಿನ. ಅಂಥ ದಿನ ಅಡುಗೆ ಪಾತ್ರೆಯ ಮುಚ್ಚಳ ತೆಗೆಯಬೇಡ ಎಂದು ನನಗೆ ಹೇಳುವುದೂ ಒಂದೇ, ಉಸಿರಾಡಬೇಡ ಎನ್ನುವುದೂ ಒಂದೇ. ಆದರೂ ಹೂಂ ಎಂದೆ. ತಾಯಂದಿರು ಬಸ್ಸಿನಲ್ಲಿ ಏನೇನಕ್ಕೋ ಹೂಂ ಎನ್ನುತ್ತಾರೆ.

ಆ ಮಾತು ಯಾವುದೆಂದು ಹೇಳಬೇಕಲ್ಲ. "ಸಾಲ್ತದೇನ್ರೀ ಇದು?" ಅಷ್ಟೇ. ನಮ್ಮ ಮನೆತನದಲ್ಲಿ ಮೊದಲ ಪಂಕ್ತಿ ಕೂರುವ ಮುಂಚೆ ಮನೆಮಗಳು ಒಮ್ಮೆ ಮುಚ್ಚಳ ತೆಗೆದು ಅಡುಗೆ ನೋಡಬೇಕು. ಒಮ್ಮೆ ಮಾತ್ರ. ಪದೇ ಪದೇ ನೋಡಿದರೆ ಬರಕತ್ ಹೋಗುತ್ತದೆ, ಇದ್ದದ್ದೂ ಸಾಲದಾಗುತ್ತದೆ ಎಂದು ನಮ್ಮವ್ವ ಬೈಯುತ್ತಿದ್ದಳು. ನಾನು ಹುಟ್ಟಾ ಚಿಂತೆಯವಳು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಗೆ ಅರ್ಧ ದಾರಿಯಿಂದ ಆಟೋ ತಿರುಗಿಸಿಕೊಂಡು ಹೋಗುವವಳು. ಒಮ್ಮೆ ನೋಡಿ ಸುಮ್ಮನಾಗುವುದು ನನ್ನ ಕೈಲಿ ಆಗುವ ಕೆಲಸವಲ್ಲ.

ಬೇಸಿಗೆಯಲ್ಲಿ ಇದೇ ತಮ್ಮನ ಹೊಸ ಮನೆಯ ಪ್ರವೇಶಕ್ಕೆ ಹೋದಾಗ ಹಾಗೆಯೇ ಬ್ಯಾಳಿಯ ಭಗೋಣಿಯೊಳಗೆ ಬಗ್ಗಿ ನೋಡುತ್ತಿದ್ದೆ. ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದು ಕೈ ಎದೆಯ ಮೇಲೆ, ಕನ್ನಡಕದ ತುಂಬ ಹಬೆ, ಬಾಯಿ ಅರ್ಧ ತೆರೆದಿದೆ. ಮಗಳು ಫೋಟೋ ತೆಗೆದು, ಕೆಳಗೆ ನನ್ನದೇ ಮಾತು ಬರೆದು ಅಕ್ಕತಂಗಿಯರ ಮಕ್ಕಳ ಗುಂಪಿಗೆ ಹಾಕಿದಳು. ಅಲ್ಲಿಂದ ಅವಳ ಕಾಲೇಜಿನ ಮೀಮ್ ಪುಟಕ್ಕೆ ಹೋಯಿತು. ಅಲ್ಲಿ ಭಗೋಣಿಯ ಮೇಲೆ 'ಪರೀಕ್ಷೆಯ ಹಿಂದಿನ ದಿನ ನಾನು ಓದಿದ್ದು' ಎಂದು ಬರೆದಿದ್ದರು. ನನ್ನ ಮೇಲೆ 'ನಾನು' ಎಂದಿತ್ತು. ಕೆಳಗೆ ಅದೇ ಪ್ರಶ್ನೆ.

ನಕ್ಕೆ. ಸುಳ್ಳು ಯಾಕೆ ಹೇಳಲಿ, ಬಹಳ ನಕ್ಕೆ.

ಆಮೇಲೆ ಯಾರೋ ಅಕ್ಷರಗಳನ್ನೆಲ್ಲ ಅಳಿಸಿ ಖಾಲಿ ಚಿತ್ರ ಮಾಡಿ ಬಿಟ್ಟರು. ಮಗಳು ಅದನ್ನು ಟೆಂಪ್ಲೇಟ್ ಎಂದಳು. ಖಾಲಿ ಆದಮೇಲೆ ನಾನು ಎಲ್ಲರ ಸ್ವತ್ತಾದೆ. ಭಗೋಣಿಯಲ್ಲಿ ಟ್ಯಾಂಕಿನ ನೀರು ಬಂತು, ಮೊಬೈಲಿನ ಬ್ಯಾಟರಿ ಬಂತು, ಮೇ ತಿಂಗಳ ಕರೆಂಟು ಬಂತು, ರವಿವಾರ ಬಂತು. ಕಲಬುರಗಿಯ ಬಿಸಿಲಿನ ಮುಂದೆ ಹಿಡಿದ ಒಂದು ಕೂಲರ್ ಕೂಡ ಬಂತು. ಪ್ರತಿಯೊಂದೂ ಕೂತ ಜಾಗದಲ್ಲಿ ಸರಿಯಾಗಿ ಕೂತಿತ್ತು. ಯಾಕೆಂದರೆ ಮಾಡಿದವರಿಗೆ ಗೊತ್ತಿತ್ತು, ಇದು ಇರುವುದು ಸಾಲುತ್ತದೋ ಇಲ್ಲವೋ ಎಂಬ ಹೆದರಿಕೆಯ ಮುಖ, ಬರೀ ಹೆದರಿದ ಮುಖವಲ್ಲ. ಆ ಹೆದರಿಕೆ ಎಲ್ಲರ ಮನೆಯಲ್ಲೂ ಇದೆ. ತಮ್ಮ ಮನೆಯದನ್ನು ತಾವೇ ತಂದು ಭಗೋಣಿಗೆ ಸುರಿಯಬಹುದಿತ್ತು. ಹೊಸದು ಎನ್ನಿಸಿದ್ದು ಆ ಕಾರಣಕ್ಕೆ ಎಂದು ನನ್ನ ಎಣಿಕೆ. ಚಿತ್ರ ಅದೇ, ಮಾತು ಅದೇ, ಆದರೆ ಭಗೋಣಿಯಲ್ಲಿ ಈ ಸಲ ಏನಿದೆ ಎಂದು ನೋಡುವ ತನಕ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ತರಕಾರಿ ಮಾರ್ಕೆಟಿನಲ್ಲಿ ಇಬ್ಬರು ಹುಡುಗಿಯರು ನನ್ನನ್ನು ನೋಡಿ ಪಿಸುಗುಟ್ಟಿದರು. ನಾನು ಬದನೆಕಾಯಿ ಚೀಲ ಎತ್ತಿ ಒಳಗೆ ಇಣುಕಿ, "ಸಾಲ್ತದೇನ್ರೀ ಇದು?" ಎಂದೆ. ಅವರು ಬಿದ್ದು ಬಿದ್ದು ನಕ್ಕರು. ಬದನೆಕಾಯಿಯವನು ನಗಲಿಲ್ಲ. "ಕಿಲೋ ಬರೋಬರಿ ಅದ ಬಾಯಿ, ಬೇಕಂದ್ರ ಇನ್ನೊಮ್ಮೆ ತೂಗ್ತೀನಿ" ಎಂದ.

ಮಳೆಗಾಲದ ಹೊತ್ತಿಗೆ ಚಿತ್ರ ಕಳೆಗುಂದತೊಡಗಿತು. ಇದು ಅಕ್ಷರಶಃ. ಒಬ್ಬರ ಪರದೆಯಿಂದ ಇನ್ನೊಬ್ಬರು ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಮತ್ತೊಬ್ಬರು ತೆಗೆದು, ನನ್ನ ಮೂಗು ಕರಗಿ ಹೋಗಿತ್ತು. ಎದೆಯ ಮೇಲಿನ ಕೈ ಮೇಲೆ ಬೇರೆ ಬೇರೆ ಪುಟಗಳ ಹೆಸರಿನ ಠಸ್ಸೆಗಳು. ಬೆಂಗಳೂರಿನ ಯಾವುದೋ ಪುಟ ಮಾತನ್ನು 'ಸಾಕಾಗುತ್ತಾ ಇದು?' ಎಂದು ಬದಲಿಸಿತು. ಅದನ್ನು ಓದಿದರೆ ಬೇರೆ ಯಾರೋ ಹೆಂಗಸು ನನ್ನ ಸೀರೆ ಉಟ್ಟುಕೊಂಡು ನಿಂತಂತೆ ಕಾಣುತ್ತಿತ್ತು. ಲೈಕುಗಳು ಮಾತ್ರ ಅದಕ್ಕೇ ಹೆಚ್ಚು ಬಿದ್ದವು. ನನ್ನ ಮಾತಿಗೆ ಯಾರದೋ ದನಿ ಕೊಟ್ಟು ರೀಲ್ಸ್ ಬಂದವು. ಮೂರು ವರ್ಷದ ಕೂಸುಗಳು, ನಾಯಿಗಳು, ಮದುಮಕ್ಕಳು ಡಬ್ಬಿಯೊಳಗೆ ಇಣುಕಿದರು.

ಮೀಮು ಕೆಡುವುದು ಹೆಚ್ಚು ಜನ ನೋಡಿದ್ದಕ್ಕಲ್ಲ, ಭಗೋಣಿಯಲ್ಲಿ ಏನು ಹಾಕಿದರೂ ನಡೆಯುತ್ತದೆ ಎಂದು ತಿಳಿದವರ ಕೈಗೆ ಸಿಕ್ಕಾಗ. ಭಗೋಣಿಯ ಮೇಲೆ 'ಗಣೇಶ ಚತುರ್ಥಿಯ ಶುಭಾಶಯಗಳು' ಎಂದು ಬಂತು. ಶುಭಾಶಯ ಸಾಲುತ್ತದೋ ಎಂದು ನಾನೇಕೆ ಎದೆ ಹಿಡಿದುಕೊಳ್ಳಲಿ? ಆಮೇಲೆ ಒಂದು ಗಾದಿ ಅಂಗಡಿಯವರು ಹಾಕಿದರು. ಒಂದು ಟ್ಯೂಷನ್ ಕ್ಲಾಸಿನವರು 'ನಿಮ್ಮ ಮಗನ ಅಂಕ ಸಾಲ್ತದೇನ್ರೀ?' ಎಂದು ಬ್ಯಾನರ್ ಕಟ್ಟಿದರು. ಅದರಡಿ ಆಟೋ ನಿಲ್ಲಿಸಿದ ಚಾಲಕ ನನ್ನ ಮುಖ ಒಮ್ಮೆ, ಬ್ಯಾನರ್ ಒಮ್ಮೆ ನೋಡಿ ಬಾಡಿಗೆ ತೆಗೆದುಕೊಂಡ. ನನ್ನ ವಾರಗೆಯವರ ವಾಟ್ಸಾಪ್ ಗುಂಪುಗಳಿಗೆ ಅದು ಆಗ ಬಂದು ಮುಟ್ಟಿತು, ಗುಲಾಬಿ ಹೂವಿನ ಚೌಕಟ್ಟಿನಲ್ಲಿ, ಶುಭೋದಯದ ಜೊತೆ.

ಅಷ್ಟರಲ್ಲಿ ಹುಡುಗರು ಬೇರೆ ಆಟ ಶುರುಮಾಡಿದ್ದರು. ಚಿತ್ರಕ್ಕೆ ಕೆಂಪು ಬಣ್ಣ ಸುರಿದು, ಕಣ್ಣು ಉರಿಯುವಂತೆ ಮಾಡಿ, ಮಾತೇ ಇಲ್ಲದೆ ಹಾಕುವುದು. ಭಗೋಣಿಯೊಳಗೆ ಇದೇ ಮೀಮಿನ ಚಿತ್ರವಿಟ್ಟು, ಅದರೊಳಗೆ ಮತ್ತೆ ಅದನ್ನೇ ಇಡುವುದು. "ಮೀಮಿನ ಮ್ಯಾಲ ಮೀಮ್ ಬಂತಂದ್ರ ಲಾಸ್ಟ್ ಸ್ಟೇಜ್ ಮಮ್ಮಿ" ಎಂದಳು ಮಗಳು, ಐಸಿಯು ಹೊರಗೆ ನಿಂತ ಡಾಕ್ಟರಂತೆ.

ಮೀಮಿನ ಪ್ರಾಣ ಹೋದದ್ದು ನನ್ನ ಆಫೀಸಿನಲ್ಲೇ. ಕಪನೂರಿನ ಒಂದು ಪೈಪ್ ಕಾರ್ಖಾನೆಯಲ್ಲಿ ಕೆಲಸ ನನ್ನದು. ಸುರಕ್ಷತಾ ಸಭೆಯಲ್ಲಿ ಸಾಹೇಬರು ಪರದೆಯ ಮೇಲೆ ನನ್ನನ್ನೇ ತೋರಿಸಿ, ಭಗೋಣಿಯ ಮೇಲೆ 'ಹೆಲ್ಮೆಟ್' ಎಂದು ಬರೆದು, "ಹೆಂಗದರೀ ಮೇಡಂ?" ಎಂದರು. ಹಿಂದಿನ ಸಾಲಿನ ಹೊಸ ಹುಡುಗರು ನೆಲ ನೋಡಿದರು. ಯಾರೂ ನಗಲಿಲ್ಲ ಎಂಬುದಕ್ಕಿಂತ, ಹಿಂದೊಮ್ಮೆ ನಕ್ಕಿದ್ದೆವಲ್ಲ ಎಂದು ನಾಚಿಕೊಂಡರು. ಕ್ರಿಂಜ್ ಎಂದರೆ ಇದೇ ಇರಬೇಕೆಂದು ನನಗೆ ಅಂದು ಹೊಳೆಯಿತು. ಅವರು ಮುಖ ತಿರುಗಿಸುವುದು ನಮ್ಮಿಂದಲ್ಲ, ನಾಲ್ಕು ತಿಂಗಳ ಹಿಂದಿನ ತಮ್ಮಿಂದ.

ಸರಿ, ಅದು ಅವರ ಕಷ್ಟ. ಆದರೆ ಅವರಿಗೆ ನಾಲ್ಕು ತಿಂಗಳು ಹಳೆಯದಾದ ಮಾತನ್ನು ನಾನು ಮದುವೆಯಾದಾಗಿನಿಂದ ಆಡುತ್ತಿದ್ದೇನೆ. ಸಾಲಕ್ಕೆಂದು ಕೊಟ್ಟಿರಲಿಲ್ಲ, ಕೇಳದೇ ಒಯ್ದರು, ಹಿಂಡಿದರು, ಒಗೆದರು. ಈಗ ಒಗೆದದ್ದನ್ನು ನಾನು ಎತ್ತಿಕೊಂಡರೆ ನಾಚಿಕೆಗೇಡು ಎನ್ನುತ್ತಾರೆ.

ಇಷ್ಟೆಲ್ಲ ಬಸ್ಸಿನಲ್ಲಿ ಹೊಳೆದಿತ್ತು. ಹೇಳಲಿಲ್ಲ. ಹೂಂ ಎಂದಿದ್ದೆನಲ್ಲ.

ಕಮಲಾಪುರದ ಅಂಗಳದಲ್ಲಿ ಪೆಂಡಾಲು ಕಟ್ಟಿದ್ದರು. ನಾನು ಅಡುಗೆಯ ಕಡೆಗೆ ಬೆನ್ನು ಮಾಡಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆ. ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಅವುಗಳ ಮೇಲೆ ನನಗೆ ಭರವಸೆ ಇರಲಿಲ್ಲ. ಮೊದಲ ಪಂಕ್ತಿಗೆ ಎಲೆ ಹಾಕುವಾಗ ತಮ್ಮನ ಹೆಂಡತಿ ನನ್ನತ್ತ ನೋಡಿದಳು. ನಾನು ಏಳಲಿಲ್ಲ. ಅವಳೇ ಹೋಗಿ ಬ್ಯಾಳಿಯ ಮುಚ್ಚಳಕ್ಕೆ ಕೈ ಹಾಕಿದಳು.

"ಚಾಚಿ, ನೀನೂ ಶುರು ಮಾಡಿದೇನು?" ಎಂದಳು ಮನೆಯ ಇನ್ನೊಬ್ಬ ಹುಡುಗಿ, ಮುಖ ಹುಳ್ಳಗೆ ಮಾಡಿ. "ಬಿಡು, ಸಾಕಾಗ್ಯಾದ ಅದು."

ತಮ್ಮನ ಹೆಂಡತಿ ಕೈ ಹಿಂದೆ ತೆಗೆದುಕೊಂಡಳು. ಇನ್ನೊಬ್ಬಳು ಆ ಕಡೆ ಹೋದವಳು ನೀರಿನ ಜಗ್ಗು ಎತ್ತಿಕೊಂಡು ಬಂದಳು. ಅಷ್ಟು ಹೆಂಗಸರಿರುವ ಮನೆಯಲ್ಲಿ ಮುಚ್ಚಳ ತೆಗೆಯಲು ಎಲ್ಲರಿಗೂ ನಾಚಿಕೆ. ಯಾರೂ ನೋಡದೆಯೇ ಪಂಕ್ತಿ ಕೂತಿತು.

ಆಗ ತಾಜಸುಲ್ತಾನಪುರದಿಂದ ಗಂಡಿನ ಕಡೆಯವರ ಇನ್ನೊಂದು ಟೆಂಪೋ ಬಂತು. ಹೇಳಿರಲಿಲ್ಲ. ಬೀಗರು ಹೇಳಿ ಬರುತ್ತಾರೆಯೇ? ತಮ್ಮ ನಗುನಗುತ್ತ ಅವರನ್ನು ಕರೆದುಕೊಂಡು ಬಂದ. ನನ್ನ ಬೆನ್ನ ಹಿಂದೆ ಸೌಟು ಭಗೋಣಿಯ ಗೋಡೆಗೆ ತಾಗಿದ ಸದ್ದಾಯಿತು. ಬ್ಯಾಳಿ ತುಂಬಿದ್ದರೆ ಸೌಟಿನದು ಮಂದ ಸದ್ದು. ಇದು ಠಣ್ ಎಂದಿತು. ಚಿಂತೆಯವರ ಕಿವಿಗೆ ಅಷ್ಟು ಸಾಕು.

ಮಗಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಿ, ಸಣ್ಣಗೆ ತಲೆ ಆಡಿಸಿದಳು, ಬೇಡ ಎಂದು. ಎದ್ದೆ. ತಮ್ಮನ ಮಾನ ಇವಳ ಫೋನಿನ ಮಾನಕ್ಕಿಂತ ದೊಡ್ಡದು. ಹೋಗಿ ಮುಚ್ಚಳ ಎತ್ತಿದೆ. ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದು ತಾನಾಗೇ ಎದೆಯ ಮೇಲೆ ಹೋಯಿತು. ಕನ್ನಡಕಕ್ಕೆ ಹಬೆ ಹತ್ತಿತು. ಪೆಂಡಾಲಿನ ಆ ತುದಿಗೂ ಕೇಳಿಸುವಂತೆ ಎಂದೆ:

"ಸಾಲ್ತದೇನ್ರೀ ಇದು?"

ಹುಡುಗಿಯರು ಮುಖ ಆ ಕಡೆ ಮಾಡಿದರು. ಒಬ್ಬರೂ ಫೋನ್ ಎತ್ತಲಿಲ್ಲ. ಎಷ್ಟೋ ತಿಂಗಳ ಮೇಲೆ ನಾನು ಒಂದು ಭಗೋಣಿಯನ್ನು ಬರೀ ಭಗೋಣಿಯಂತೆ ನೋಡಿದೆ. ಹಳಸಿದ್ದರ ಲಾಭ ಇದು, ಯಾರೂ ಹೇಳಿರಲಿಲ್ಲ.

ತಮ್ಮನ ಹೆಂಡತಿ ಬಂದು ಒಳಗೆ ಇಣುಕಿದಳು. "ಇಲ್ಲ ಅಕ್ಕಾ. ಸಾಲಂಗಿಲ್ಲ."

"ತೊಗರಿ ಬ್ಯಾಳಿ ಎಲ್ಲಿಟ್ಟೀದಿ? ದೊಡ್ಡ ಕುಕ್ಕರ್ ಎರಡೂ ಇಡು. ತಮ್ಮಾ, ಬಂದವರಿಗೆ ಚಾ ಕೊಡು, ಹುಡುಗ-ಹುಡುಗಿ ಜೊತಿ ಫೋಟೋ ತೆಗಸ್ಲಿಕ್ಕೆ ಹೇಳು. ಒಬ್ಬೊಬ್ಬರಂಗ."

ಫೋಟೋ ಸಾವಕಾಶ ನಡೆಯಿತು. ಮೊದಲ ಪಂಕ್ತಿ ಏನೂ ಗೊತ್ತಾಗದೆ ಎದ್ದಿತು. ಬ್ಯಾಳಿ ತೊಳೆಯಲು ನನ್ನ ಪಕ್ಕ ಬಂದು ಕೂತವಳು ಮಗಳೇ. ಎರಡು ನೀರು ತೊಳೆದು ಬಸಿದಳು. ಕೊನೆಗೆ, "ಅಷ್ಟು ಜೋರಾಗಿ ಅನ್ನೋದೇನಿತ್ತು?" ಎಂದಳು.

"ಮೆಲ್ಲಕ ಅಂದ್ರ ಹೆದರಿದಂಗ ಆಗ್ತಿತ್ತು."

"ಈಗಲೂ ಕ್ರಿಂಜೇ ಮಮ್ಮಿ."

"ಇರ್ಲಿ ಬಿಡು."

ಹೊಸ ಬ್ಯಾಳಿಗೆ ಒಗ್ಗರಣೆ ಬಿತ್ತು. ದೊಡ್ಡ ಭಗೋಣಿಗೆ ಸುರಿದು ಮುಚ್ಚಳ ಹಾಕಿದರು. ಎರಡನೇ ಪಂಕ್ತಿ ಕೂರುತ್ತಿತ್ತು. ನನ್ನ ಕೈ ಮತ್ತೆ ಆ ಕಡೆ ಹೋಯಿತು.

"ಮಮ್ಮಿ, ಈಗಷ್ಟ ನೋಡೀದಿ. ಬರಕತ್ ಹೋಗ್ತದ ಅಂತ ಅಜ್ಜಿ ಅಂತಿದ್ದಿಲ್ಲೇನು?"

"ಅಂತಿದ್ದಳು" ಎಂದೆ. ಮುಚ್ಚಳ ತೆಗೆದೆ.