ಟ್ಯಾಂಕು ತೊಳೆಯುವ ದಿನ

ಮದುವೆಯಾಗಿ ಯಲಹಂಕದ ರೈಲ್ವೆ ಕ್ವಾರ್ಟರ್ಸಿಗೆ ಬಂದ ಹೊಸದರಲ್ಲೇ ನನಗೆ ಗೊತ್ತಾಗಿದ್ದು, ಅಲ್ಲಿ ಎಲ್ಲರೂ ಸೇರಿ ನನ್ನ ಗಂಡನನ್ನು ಬೈಯುವ ದಿನವೊಂದಿದೆ ಎಂದು. ಅವರದು ಪಂಪ್‌ಹೌಸಿನ ಕೆಲಸ. ಬಾವಿಯ ನೀರನ್ನು ಟ್ಯಾಂಕಿಗೆ ಏರಿಸಿ ನಮ್ಮ ಸಾಲುಮನೆಗಳ ನಲ್ಲಿಗಳಿಗೆ ಬಿಡಬೇಕು. ಮೂವತ್ತು ದಿನಕ್ಕೊಮ್ಮೆ ಟ್ಯಾಂಕು ಬರಿದು ಮಾಡಿ ತೊಳೆಯಬೇಕು. ತೊಳೆಯುವ ದಿನ ಬೆಳಗಿನಿಂದ ಸಂಜೆಯವರೆಗೆ ನಲ್ಲಿಯಲ್ಲಿ ತೊಟ್ಟು ನೀರಿಲ್ಲ.

ಆ ವರ್ಷ ಜನವರಿ ಒಂದನೇ ತಾರೀಕು ತೊಳೆದರು. ಹಾಗಾದರೆ ಇನ್ನು ಪ್ರತಿ ತಿಂಗಳು ಒಂದನೇ ತಾರೀಕೇ ಎಂದು ನಮ್ಮ ಅತ್ತೆ ಸಾಲುಮನೆಗಳಿಗೆಲ್ಲ ಸಾರಿಬಿಟ್ಟರು. ಅತ್ತೆ ಹೇಳಿದ ಮೇಲೆ ಮುಗಿಯಿತು, ಎದುರಾಡುವವರು ಯಾರೂ ಇರಲಿಲ್ಲ.

ಆದರೆ ಜನವರಿ ಮೂವತ್ತೊಂದಕ್ಕೇ ನಲ್ಲಿ ನಿಂತಿತು. ಒಂದೇ ತಿಂಗಳಲ್ಲಿ ಎರಡು ಸಲ ಯಾರಾದರೂ ತೊಳೆಯುತ್ತಾರೆಯೇ ಎಂದು ಹೆಂಗಸರು ಬಿಂದಿಗೆ ಹಿಡಿದು ನಮ್ಮ ಬಾಗಿಲಿಗೇ ಬಂದರು. ಫೆಬ್ರವರಿ ಕೊನೆಯ ದಿನ ಎಲ್ಲರೂ ಜಾಣರಾಗಿ ಹಂಡೆ, ಕೊಳಗ, ಮಕ್ಕಳ ಲೋಟವನ್ನೂ ಬಿಡದೆ ನೀರು ತುಂಬಿಟ್ಟರು. ಮಾರ್ಚ್ ಒಂದರಂದು ನಲ್ಲಿ ಧೋ ಎಂದು ಸುರಿಯಿತು. ಈ ಸಲ ಮರೆತಿರಬೇಕು ಎಂದು ನಕ್ಕು, ತುಂಬಿಟ್ಟಿದ್ದನ್ನೆಲ್ಲ ದಾಸವಾಳದ ಗಿಡಗಳಿಗೆ ಸುರಿದರು. ಮಾರನೆಯ ದಿನ ನಲ್ಲಿ ಬಂದ್. ಆ ದಿನ ನಾನು ಮನೆಯಿಂದ ಹೊರಗೆ ತಲೆ ಹಾಕಲಿಲ್ಲ.

ನನ್ನ ಗಂಡನಿಗೆ ತಾರೀಕಿನ ಗೊಡವೆಯೇ ಇರಲಿಲ್ಲ. ದಿನಕ್ಕೊಂದರಂತೆ ಪಂಪ್‌ಹೌಸಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯುವುದು, ಮೂವತ್ತಾದ ದಿನ ಟ್ಯಾಂಕು ತೊಳೆದು ಗೀಟು ಅಳಿಸುವುದು, ಅಷ್ಟೇ. ಅದನ್ನು ಯಾರಿಗಾದರೂ ಬಾಯಿಬಿಟ್ಟು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ.

ಏಪ್ರಿಲ್ ಒಂದು, ಮೇ ಒಂದು, ಎರಡು ಸಲವೂ ಒಂದನೇ ತಾರೀಕಿಗೇ ಸರಿಯಾಗಿ ನೀರು ನಿಂತಿತು. ತಾವು ಬೈದದ್ದಕ್ಕೇ ಮಗ ದಾರಿಗೆ ಬಂದನೆಂದು ಅತ್ತೆ ಬೀಗಿದರು.

ಅದೇ ಹೊತ್ತಿಗೆ ನನ್ನ ತಂಗಿಗೆ ಯಶವಂತಪುರದಿಂದ ಒಂದು ಸಂಬಂಧ ಬಂತು. ಹಿಂದೆ ಎರಡು ಸಂಬಂಧ ಮುರಿದು, ತವರೂರು ಚಿಕ್ಕಜಾಲದಲ್ಲಿ ನಮ್ಮಪ್ಪ ಊಟ ಸೇರದೆ ಕೂತಿದ್ದರು. ಗಂಡಿನ ಕಡೆಯವರಿಗೆ ರೈಲಿನಲ್ಲಿ ಬರಲು ಅನುಕೂಲವೆಂದು ನಮ್ಮ ಮನೆಯಲ್ಲೇ ಹೆಣ್ಣು ತೋರಿಸುವುದೆಂದಾಯಿತು. ದಿನ ಗೊತ್ತು ಮಾಡಿದ್ದೂ ಅತ್ತೆಯೇ.

"ಒಂದನೇ ತಾರೀಕು ಬ್ಯಾಡ, ನೀರಿರಕಿಲ್ಲ. ಒಂದಿನ ಮುಂಚೆ, ಮೂವತ್ತೊಂದಕ್ಕೇ ಬರ್ಲಿ," ಎಂದರು.

ಮೇ ಮೂವತ್ತರ ಸಂಜೆ ಕಾಫಿ ಕೊಡಲು ಪಂಪ್‌ಹೌಸಿಗೆ ಹೋದೆ. ಬಾಗಿಲ ತುಂಬ ಗೀಟು. ಇನ್ನೊಂದೇ ಬಾಕಿ ಎಂದರು ನನ್ನ ಗಂಡ. ಹಾಗಾದರೆ ತೊಳೆಯುವುದು ನಾಳೆಯೇ! ಅಲ್ಲೇ ಮುಷ್ಟಿ ಕಟ್ಟಿ ಗೆಣ್ಣಿನ ಮೇಲೆ ತಿಂಗಳು ಎಣಿಸಿದೆ. ಗೆಣ್ಣಿನ ಮೇಲೆ ಬರುವ ತಿಂಗಳಿಗೆ ಮೂವತ್ತೊಂದು ದಿನ. ಅಂಥ ತಿಂಗಳಲ್ಲಿ ಮೂವತ್ತು ಗೀಟು ಒಂದು ದಿನ ಮುಂಚೆಯೇ ಮುಗಿಯುತ್ತದೆ. ಜನವರಿಯಲ್ಲಿ ಆದದ್ದು ಅದೇ. ಫೆಬ್ರವರಿಗೆ ಇಪ್ಪತ್ತೆಂಟೇ ದಿನ, ಅದಕ್ಕೇ ಎರಡು ಗೀಟು ಮಾರ್ಚಿಗೆ ದಾಟಿತ್ತು. ಏಪ್ರಿಲ್‌ಗೆ ಸರಿಯಾಗಿ ಮೂವತ್ತಾದ್ದರಿಂದ ಒಂದರಿಂದ ಒಂದಕ್ಕೆ ಬಂದಿತ್ತು, ನನ್ನ ಗಂಡ ದಾರಿಗೆ ಬಂದಿದ್ದರಿಂದಲ್ಲ. ಈಗ ಮೇ ತಿಂಗಳು, ಗೆಣ್ಣಿನದು.

ಒಂದೇ ಒಂದು ದಿನ ಮುಂದೆ ಹಾಕಿ ಎಂದು ಅಂಗಲಾಚಿದೆ.

"ಸಾಯೇಬ್ರು ಮೂವತ್ತು ಅಂದವ್ರೆ ಕಣೆ. ತಿಂಗ್ಳು ಅಂದಿಲ್ಲ," ಎಂದು ಕಾಫಿ ಕುಡಿದು ಲೋಟ ಕೈಗಿಟ್ಟರು. ಆ ಲೋಟವನ್ನು ಅವರ ಮೇಲೇ ಎಸೆಯುವಷ್ಟು ಸಿಟ್ಟು ಬಂತು.

ಅತ್ತೆಗೆ ಹೇಳಿದರೆ, ಎರಡು ತಿಂಗಳಿಂದ ಸರಿಯಾಗಿರುವುದು ಈಗೇಕೆ ಕೆಡುತ್ತದೆ ಎಂದು ನನ್ನ ಬಾಯಿ ಮುಚ್ಚಿಸಿದರು. ನೆಂಟರು ಬರುವ ಮನೆಯಲ್ಲಿ ಬಿಂದಿಗೆ ಸಂತೆ ಬೇಡವೆಂದರು. ನಾನೂ, ಆಗಲೇ ಊರಿಂದ ಬಂದಿಳಿದಿದ್ದ ತಂಗಿಯೂ ಸದ್ದಿಲ್ಲದೆ ಇದ್ದಬದ್ದ ಪಾತ್ರೆಗೆಲ್ಲ ನೀರು ತುಂಬಿ, ಬಚ್ಚಲ ಮೂಲೆಯಲ್ಲಿ ಹಳೆಯ ಸೀರೆ ಮುಚ್ಚಿ ಇಟ್ಟೆವು.

ಮಾರನೆಯ ದಿನ ನೆಂಟರು ಬಾಗಿಲಿಗೆ ಬಂದರು. ಕಾಲಿಗೆ ನೀರು ಕೊಡಲು ಅತ್ತೆ ಚೊಂಬು ಹಿಡಿದು ಗತ್ತಿನಿಂದ ನಲ್ಲಿ ತಿರುಗಿಸಿದರು. ನಲ್ಲಿ ಒಮ್ಮೆ ಬುಸ್ಸೆಂದು ಸುಮ್ಮನಾಯಿತು. ಅತ್ತೆಯ ಮುಖದಲ್ಲಿ ಹೆದರಿಕೆಯನ್ನು ನಾನು ನೋಡಿದ್ದು ಅದೇ ಮೊದಲು. ಆ ಕ್ಷಣ ಖುಷಿಯಾಗಬೇಕಿತ್ತು, ಅಯ್ಯೋ ಪಾಪ ಅನ್ನಿಸಿತು. ಓಡಿಹೋಗಿ ತುಂಬಿದ ಬಿಂದಿಗೆ ತಂದು ಅವರ ಪಕ್ಕ ಇಟ್ಟೆ.

ಅಕ್ಕಪಕ್ಕದವರೆಲ್ಲ ಖಾಲಿ ಕೊಡ ಹಿಡಿದು ಓಡಾಡುವುದನ್ನು ಗಂಡಿನ ತಾಯಿ ನೋಡಿದರು. ನಿಮ್ಮಲ್ಲಿ ಮಾತ್ರ ಹೇಗೆ ಇಷ್ಟು ನೀರು ಎಂದು ಕೇಳಿದರು.

"ನಮ್ ಸೊಸೆ ದಿನ ಎಣ್ಸಿ ತುಂಬ್ಸವ್ಳೆ ಕಣಮ್ಮ. ಅವ್ಳ ತಂಗೀನೇ ನೀವು ನೋಡಕ್ ಬಂದಿರಾದು," ಎಂದರು ಅತ್ತೆ.

ಕಾಫಿ ಕಾಯಿಸುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ. ಸಂಜೆ ಎದ್ದು ಹೊರಡುವ ಮುಂಚೆ ಗಂಡಿನವರು ಒಪ್ಪಿಗೆ ಹೇಳಿದರು.

ಅವರನ್ನು ರೈಲು ಹತ್ತಿಸಿ ಬಂದು, ಮದುವೆಗೆ ದಿನ ನೋಡಲು ಕೂತೆವು. ನಾನು ಗೂಡಿನಿಂದ ಪಂಚಾಂಗ ತಂದೆ. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿ, ಮುಷ್ಟಿ ಕಟ್ಟಿ ನನ್ನ ಮುಂದೆ ಚಾಚಿದರು.

"ಮೊದ್ಲು ಇದ್ರಾಗೆ ಎಣ್ಸು," ಎಂದರು.